ಅಮ್ಮನ ಗ್ರೀನ್ ಕಾರ್ಡ್ ಸಂದರ್ಶನಕ್ಕೆ ಮಗನೇ ದುಭಾಷಿಯಾಗಬಹುದೇ?

ಪ್ರಶ್ನೆ: ನಾನು ಅಮೆರಿಕದ ಪ್ರಜೆ. ಪ್ರವಾಸಿ ವೀಸಾದಲ್ಲಿ ನಮ್ಮ ಮನೆಗೆ ಬಂದ ತಾಯಿಯ ಪರವಾಗಿ ಇಲ್ಲಿಯೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದೆ. ಈಗ ಸಂದರ್ಶನಕ್ಕೆ ಕರೆ ಬಂದಿದೆ. ಅವರು ಹಾವೇರಿ ಕಡೆಯವರು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ತಂದೆ ತೀರಿಕೊಂಡಿದ್ದಾರೆ. ದುಭಾಷಿಯನ್ನು ಸರ್ಕಾರವೇ ಕೊಡುತ್ತದೆಯೇ? ನಾನೇ ಅನುವಾದ ಮಾಡಿದರೆ ಸಾಲದೇ? ಸಣ್ಣಪುಟ್ಟ ತಪ್ಪಾದರೆ ತೊಂದರೆಯೇ?

ಉತ್ತರ: ಅಮೆರಿಕದ ವಲಸೆ ಇಲಾಖೆಯ (ಯುಎಸ್‌ಸಿಐಎಸ್) ಸ್ಥಳೀಯ ಕಚೇರಿಯಲ್ಲಿ ನಡೆಯುವ ಗ್ರೀನ್ ಕಾರ್ಡ್ ಸಂದರ್ಶನಕ್ಕೆ ಸರ್ಕಾರ ದುಭಾಷಿಯನ್ನು ಒದಗಿಸುವುದಿಲ್ಲ. ದುಭಾಷಿಯ ಮೂಲಕ ಉತ್ತರಿಸುವ ಅವಕಾಶ ನಿಮ್ಮ ತಾಯಿಗೆ ಇದೆ, ಆದರೆ ದುಭಾಷಿಯನ್ನು ಕರೆದುಕೊಂಡು ಹೋಗುವ ಹೊಣೆ ನಿಮ್ಮದು. ಅದೇ ವಲಸೆ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆದರೆ ದುಭಾಷಿಯನ್ನು ನ್ಯಾಯಾಲಯವೇ ತನ್ನ ಖರ್ಚಿನಲ್ಲಿ ಕರೆಸುತ್ತದೆ. ಪರಿಚಯದವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುವುದಕ್ಕೆ ಈ ವ್ಯತ್ಯಾಸವೇ ಕಾರಣ.

ನೀವೇ ದುಭಾಷಿಯಾಗುವುದನ್ನು ನಿಯಮ ಪೂರ್ತಿಯಾಗಿ ನಿಷೇಧಿಸಿಲ್ಲ. 2017ರಿಂದ ಜಾರಿಯಲ್ಲಿರುವ ಮಾರ್ಗಸೂಚಿಯ ಪ್ರಕಾರ ದುಭಾಷಿ ಸಾಮಾನ್ಯವಾಗಿ ಪ್ರಕರಣದ ಫಲಿತಾಂಶದಲ್ಲಿ ಆಸಕ್ತಿ ಇಲ್ಲದವರಾಗಿರಬೇಕು. ಸಂಬಂಧಿಕರನ್ನೋ ಸ್ನೇಹಿತರನ್ನೋ ಒಪ್ಪುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಸಾಕ್ಷಿಯಾಗಿರುವವರು ಮತ್ತು ಹದಿನೆಂಟು ತುಂಬದವರು ವಿಶೇಷ ಕಾರಣವಿಲ್ಲದೆ ಆ ಕೆಲಸ ಮಾಡುವಂತಿಲ್ಲ. ತಾಯಿಯ ವಕೀಲರಂತೂ ಒಂದೇ ಸಮಯಕ್ಕೆ ವಕೀಲರೂ ದುಭಾಷಿಯೂ ಆಗುವಂತಿಲ್ಲ. ನೀವು ಬರಿಯ ಮಗನಲ್ಲ, ಅರ್ಜಿಯ ಪ್ರಾಯೋಜಕರೂ ಹೌದು. ಅಧಿಕಾರಿ ನಿಮ್ಮನ್ನೇ ಪ್ರಶ್ನಿಸಬೇಕೆಂದರೆ ನಿಮ್ಮನ್ನು ದುಭಾಷಿಯಾಗಿ ಒಪ್ಪದೆ ಸಂದರ್ಶನವನ್ನು ಮುಂದೂಡಬಹುದು. ಆದ್ದರಿಂದ ಕುಟುಂಬದ ಹೊರಗಿನ, ಉತ್ತರ ಕರ್ನಾಟಕದ ಮಾತು ಕಿವಿಗೆ ಬಿದ್ದು ರೂಢಿಯಿರುವ ಒಬ್ಬರನ್ನು ಹುಡುಕಿ ಎಂಬುದೇ ನನ್ನ ಸಲಹೆ. ಅವರು ಸರ್ಕಾರ ಕೊಟ್ಟ ಗುರುತಿನ ಚೀಟಿ ತರಬೇಕು, ಅಧಿಕಾರಿಯ ಮುಂದೆ ಪ್ರಮಾಣ ಮಾಡಬೇಕು. ಅವರೂ ನಿಮ್ಮ ತಾಯಿಯೂ ಜಿ-1256 ಎಂಬ ಘೋಷಣೆಗೆ ಸಹಿ ಮಾಡಬೇಕು. ಆ ಸಹಿ ಅಧಿಕಾರಿಯ ಎದುರಿನಲ್ಲೇ ಆಗಬೇಕಾದ್ದರಿಂದ ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ.

ಇನ್ನು ಸಣ್ಣಪುಟ್ಟ ತಪ್ಪಿನ ವಿಷಯ. ಒಂದು ಉದಾಹರಣೆ ನೋಡೋಣ. ಐ-485 ಅರ್ಜಿಯಲ್ಲಿ, ಅನುಮತಿಯಿಲ್ಲದೆ ಅಮೆರಿಕದಲ್ಲಿ ಎಂದಾದರೂ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆ ಇದೆ. ನೀವು ಅದಕ್ಕೆ ‘ಇಲ್ಲ’ ಎಂದು ತುಂಬಿದ್ದೀರಿ ಎಂದಿಟ್ಟುಕೊಳ್ಳಿ. ಅಧಿಕಾರಿ ಅದನ್ನೇ ಕೇಳಿದಾಗ ದುಭಾಷಿ ‘ಇಲ್ಲಿ ಕೆಲಸ ಮಾಡೀರೇನ್ರಿ?’ ಎಂದಷ್ಟೇ ಕೇಳುತ್ತಾರೆ. ತಾಯಿ ‘ಹೂಂ ರಿ, ಮನ್ಯಾಗಿನ ಕೆಲಸ ಎಲ್ಲಾ ನಾನ ಮಾಡ್ತೇನಿ, ಮೊಮ್ಮಗಳನ್ನೂ ನಾನ ನೋಡ್ಕೋತೇನಿ’ ಎನ್ನುತ್ತಾರೆ. ದುಭಾಷಿ ಇದನ್ನು ಇಂಗ್ಲಿಷಿನಲ್ಲಿ ‘ಹೌದು, ಮನೆಗೆಲಸ ಮತ್ತು ಮಗು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ’ ಎಂದು ಚುಟುಕಾಗಿ ಮುಗಿಸುತ್ತಾರೆ. ಸ್ವಂತ ಮೊಮ್ಮಗಳು, ಸಂಬಳವಿಲ್ಲ ಎಂಬ ಎರಡು ಸಂಗತಿಗಳೂ ಬಿಟ್ಟುಹೋದವು. ಅಧಿಕಾರಿಯ ಕಿವಿಗೆ ಬಿದ್ದದ್ದು ಮನೆಗೆಲಸದವಳ ಉದ್ಯೋಗ. ಅರ್ಜಿಯಲ್ಲಿ ‘ಇಲ್ಲ’, ಬಾಯಲ್ಲಿ ‘ಹೌದು’. ಇದಾದ ಮೇಲೆ ಮಕ್ಕಳೆಷ್ಟು ಎಂದು ಕೇಳಿದಾಗ, ತಾವು ಸಾಕಿ ಬೆಳೆಸಿದ ತಂಗಿಯ ಮಗನನ್ನೂ ಸೇರಿಸಿ ತಾಯಿ ‘ಮೂವರು’ ಎಂದರೆ, ಇಬ್ಬರ ಹೆಸರಿರುವ ಅರ್ಜಿಯ ಮೇಲೆ ಎರಡನೆಯ ಅನುಮಾನ ಹುಟ್ಟುತ್ತದೆ.

ಪ್ರಜೆಯ ತಾಯಿಗೆ ಅನುಮತಿಯಿಲ್ಲದ ಕೆಲಸವೊಂದರಿಂದಲೇ ಗ್ರೀನ್ ಕಾರ್ಡ್ ತಪ್ಪುವುದಿಲ್ಲ. ಕಾನೂನು ಅಷ್ಟು ರಿಯಾಯಿತಿ ಕೊಟ್ಟಿದೆ. ಅಪಾಯವಿರುವುದು ಸುಳ್ಳು ಹೇಳಿದರು ಎಂಬ ತೀರ್ಮಾನದಲ್ಲಿ. ಮಹತ್ವದ ವಿಷಯವನ್ನು ಬೇಕೆಂದೇ ತಪ್ಪಾಗಿ ಹೇಳಿದರು ಎಂದು ದಾಖಲಾದರೆ ಆ ಅನರ್ಹತೆ ಜೀವನಪರ್ಯಂತ ಉಳಿಯುತ್ತದೆ. ಅದರಿಂದ ವಿನಾಯಿತಿ ಕೇಳಲು ಅರ್ಜಿದಾರರ ಗಂಡ, ಹೆಂಡತಿ, ತಂದೆ ಅಥವಾ ತಾಯಿ ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆಗಿದ್ದು, ಅವರಿಗೆ ಅತೀವ ಕಷ್ಟವಾಗುತ್ತದೆಂದು ತೋರಿಸಬೇಕು. ಮಗನಿಗಾಗುವ ಕಷ್ಟ ಈ ಲೆಕ್ಕಕ್ಕೆ ಬರುವುದೇ ಇಲ್ಲ. ನಿಮ್ಮ ತಂದೆ ಇಲ್ಲ. ತಾಯಿಯ ತಂದೆತಾಯಿಗಳೂ ಅಮೆರಿಕದಲ್ಲಿ ಇಲ್ಲದಿದ್ದರೆ ವಿನಾಯಿತಿಯ ಬಾಗಿಲು ಅವರಿಗೆ ಮುಚ್ಚಿದಂತೆಯೇ. ಅನುವಾದದ ದೋಷವನ್ನು ‘ಬೇಕೆಂದೇ’ ಹೇಳಿದ ಸುಳ್ಳು ಎನ್ನಲಾಗದು ಎಂಬುದು ನಿಜ. ಆದರೆ ದೋಷ ಅನುವಾದದ್ದೇ ಎಂದು ತೋರಿಸಿಕೊಡುವ ಭಾರ ಅರ್ಜಿದಾರರ ಮೇಲೆ ಬೀಳುತ್ತದೆ, ದುಭಾಷಿ ಕನ್ನಡದಲ್ಲಿ ಏನು ಕೇಳಿದರು ಎಂಬುದಕ್ಕೆ ಎಷ್ಟೋ ಸಲ ಯಾವ ದಾಖಲೆಯೂ ಇರುವುದಿಲ್ಲ.

ಆದ್ದರಿಂದ ತಪ್ಪನ್ನು ಆ ಕೋಣೆಯೊಳಗೇ ಹಿಡಿಯಬೇಕು. ತಾಯಿ ನಾಲ್ಕು ಮಾತು ಆಡಿದಾಗ ದುಭಾಷಿ ಒಂದೇ ಮಾತು ಹೇಳಿದರೆ, ದುಭಾಷಿ ತಾಯಿಯೊಡನೆ ತಾವೇ ಚರ್ಚೆಗಿಳಿದರೆ, ‘ಅವರು ಹೀಗನ್ನುತ್ತಾರೆ’ ಎಂದು ಸಾರಾಂಶ ಕೊಡತೊಡಗಿದರೆ, ಅಧಿಕಾರಿ ಉತ್ತರ ಕೇಳಿ ಹುಬ್ಬು ಗಂಟಿಕ್ಕಿ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ, ಎಲ್ಲೋ ತಪ್ಪಿದೆ ಎಂದೇ ತಿಳಿಯಬೇಕು. ‘ತಿಳೀಲಿಲ್ರಿ, ಇನ್ನೊಮ್ಮೆ ಕೇಳ್ರಿ’ ಎನ್ನಲು ತಾಯಿಗೆ ಯಾವ ಅಡ್ಡಿಯೂ ಇಲ್ಲ. ನಮ್ಮ ಹಿರಿಯರು ಅಧಿಕಾರಿಯ ಎದುರು ಹಾಗೆನ್ನಲು ಸಂಕೋಚಪಟ್ಟು ಅರ್ಥವಾಗದಿದ್ದರೂ ‘ಹೂಂ’ ಎಂದು ತಲೆಯಾಡಿಸುತ್ತಾರೆ. ಇದನ್ನು ಅವರಿಗೆ ಮನೆಯಲ್ಲೇ ಬಿಡಿಸಿ ಹೇಳಿ: ‘ಹೂಂ’ ಎಂದರೆ ಅಲ್ಲಿ ‘ಹೌದು’ ಎಂದೇ ಬರೆದುಕೊಳ್ಳುತ್ತಾರೆ. ವಕೀಲರು ಜೊತೆಗಿದ್ದರೆ, ಅನುವಾದದ ಬಗ್ಗೆ ತಮ್ಮ ಆಕ್ಷೇಪವನ್ನು ದಾಖಲಿಸಿಕೊಳ್ಳುವಂತೆಯೂ ಮೇಲಧಿಕಾರಿಯನ್ನು ಕರೆಸುವಂತೆಯೂ ಬೇರೆ ದುಭಾಷಿಯೊಡನೆ ಇನ್ನೊಂದು ದಿನ ಕೊಡುವಂತೆಯೂ ಕೇಳಬಹುದು. ಅಧಿಕಾರಿ ತಪ್ಪನ್ನು ಎತ್ತಿ ತೋರಿಸುವ ಮೊದಲೇ, ತಾವಾಗಿಯೇ, ತಡಮಾಡದೆ ತಿದ್ದಿಕೊಂಡ ಮಾತನ್ನು ಸುಳ್ಳೆಂದು ಎಣಿಸಬಾರದು ಎಂಬ ತತ್ವ ವಲಸೆ ಕಾನೂನಿನಲ್ಲಿದೆ. ಮನೆಗೆ ಬಂದು ಯೋಚಿಸಿ ತಿದ್ದುವುದಕ್ಕಿಂತ ಕುರ್ಚಿಯಿಂದ ಏಳುವ ಮೊದಲೇ ತಿದ್ದುವುದಕ್ಕೆ ಬೆಲೆ ಹೆಚ್ಚು.

ಸಂದರ್ಶನದ ಕೊನೆಯ ಸಹಿಯ ಬಗ್ಗೆ ಎಚ್ಚರವಿರಲಿ. ಅಧಿಕಾರಿ ಅರ್ಜಿಯ ಪ್ರತಿಯ ಮೇಲೆ ಮಾಡಿಕೊಂಡ ತಿದ್ದುಪಡಿಗಳನ್ನು ಒಪ್ಪಿ ಸಹಿ ಮಾಡಲು ಹೇಳುತ್ತಾರೆ. ಕೆಲವೊಮ್ಮೆ ಪ್ರಶ್ನೋತ್ತರ ರೂಪದ ಪ್ರಮಾಣಿತ ಹೇಳಿಕೆಯನ್ನೂ ಬರೆಸಿಕೊಳ್ಳುತ್ತಾರೆ. ಪ್ರತಿಯೊಂದು ತಿದ್ದುಪಡಿಯನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ತಾಯಿ ಸಹಿ ಮಾಡಲಿ. ಸಹಿ ಬಿದ್ದ ಮೇಲೆ, ದುಭಾಷಿ ತಪ್ಪು ಹೇಳಿದರು ಎಂಬ ವಾದಕ್ಕೆ ಬಲ ಕಡಿಮೆ.

ಈಗಲೇ ಮಾಡಬೇಕಾದ ಕೆಲಸವೊಂದಿದೆ. ನೀವು ಕಳುಹಿಸಿದ ಅರ್ಜಿಯ ಪ್ರತಿ ತೆಗೆದು, ಅದರಲ್ಲಿ ದುಭಾಷಿಯ ಘೋಷಣೆಯ ಭಾಗ ಖಾಲಿ ಇದೆಯೇ ನೋಡಿ. ಪ್ರಶ್ನೆಗಳನ್ನು ತಾಯಿಗೆ ಕನ್ನಡದಲ್ಲಿ ಓದಿ ಹೇಳಿದವರು ನೀವೇ ಆಗಿದ್ದರೆ ಅಲ್ಲಿ ನಿಮ್ಮ ಸಹಿ ಇರಬೇಕಿತ್ತು. ಅದು ಖಾಲಿಯಿದ್ದು, ತಾಯಿ ಸಂದರ್ಶನದಲ್ಲಿ ‘ಮಗಾ ಬರದಾನ್ರಿ, ನನಗ ಗೊತ್ತಿಲ್ಲ’ ಎಂದರೆ ಇಡೀ ಅರ್ಜಿಯೇ ಪ್ರಶ್ನೆಗೆ ಒಳಗಾಗುತ್ತದೆ. ಸಂದರ್ಶನಕ್ಕೆ ಬರುವ ದುಭಾಷಿಯನ್ನು ಒಂದು ದಿನ ಮನೆಗೆ ಕರೆದು, ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಅವರಿಂದಲೇ ತಾಯಿಗೆ ಓದಿಸಿ. ಉತ್ತರ ಹೇಳಿಕೊಡಲು ಅಲ್ಲ. ಯಾವ ಪ್ರಶ್ನೆ ತಾಯಿಗೆ ಬೇರೆಯಾಗಿ ಕೇಳಿಸುತ್ತದೆ ಎಂಬುದು ಗೊತ್ತಾಗಲಿ ಎಂದು. ಅರ್ಜಿಯಲ್ಲೇ ತಪ್ಪು ಸಿಕ್ಕರೆ ಅದನ್ನು ಬರೆದುಕೊಂಡು ಹೋಗಿ, ಸಂದರ್ಶನದ ಆರಂಭದಲ್ಲೇ ಅಧಿಕಾರಿಗೆ ತಿಳಿಸಿ.

ಇಷ್ಟಾಗಿಯೂ ನಿರಾಕರಿಸುವ ಉದ್ದೇಶದ ನೋಟಿಸ್ ಬಂದರೆ ಉತ್ತರಕ್ಕೆ ಹೆಚ್ಚೆಂದರೆ 30 ದಿನ ಸಿಗುತ್ತದೆ. ಆ ಅವಧಿಯಲ್ಲಿ ತಾಯಿಯ ಪ್ರಮಾಣಪತ್ರ, ಕೋಣೆಯಲ್ಲಿದ್ದ ವಕೀಲರ ಟಿಪ್ಪಣಿ, ಸಾಧ್ಯವಾದರೆ ದುಭಾಷಿಯ ಹೇಳಿಕೆ ಇವೆಲ್ಲವನ್ನೂ ಒಟ್ಟುಗೂಡಿಸಿ ಕಳುಹಿಸಬೇಕು. ಆ ಟಿಪ್ಪಣಿಯನ್ನು ಸಂದರ್ಶನ ಮುಗಿದ ದಿನವೇ, ಯಾವ ಪ್ರಶ್ನೆಗೆ ಯಾವ ಉತ್ತರ ಎಂಬ ಕ್ರಮದಲ್ಲಿ ಬರೆಸಿ, ದಿನಾಂಕ ಹಾಕಿಸಿ ಇಟ್ಟುಕೊಳ್ಳಿ.