ಒಂದೇ ಮನೆಯ ಇಬ್ಬರು ಬಸುರಿಯರು: 18ರ ಆರೈಕೆ, 38ರ ಆರೈಕೆ

*ಮೇಡಂ, ನನಗೆ 38 ವರ್ಷ, ಈಗ 11 ವಾರದ ಬಸುರಿ. ಮೊದಲ ಮಗಳಿಗೆ 11 ವರ್ಷ, ಅವಳದು ನಾರ್ಮಲ್ ಹೆರಿಗೆ. ನನ್ನ ವಾರಗಿತ್ತಿಗೆ 18 ತುಂಬಿ ಎಂಟು ತಿಂಗಳಾಗಿದೆ, ಅವಳಿಗೆ ಈಗ ಐದು ತಿಂಗಳು. ನಮ್ಮತ್ತೆ ನನ್ನನ್ನು ಮಾತ್ರ ಕಾರು ಮಾಡಿಕೊಂಡು ದಾವಣಗೆರೆಗೆ ಕಳಿಸುತ್ತಾರೆ. ಅವಳ ವಿಷಯ ಎತ್ತಿದರೆ ‘ಎಳೇ ಹುಡುಗಿ, ಅವಳಿಗೇನಾಗುತ್ತೆ’ ಎನ್ನುತ್ತಾರೆ. ಒಂದೇ ಸಲ ಆಸ್ಪತ್ರೆಗೆ ಹೋಗಿದ್ದಾಳೆ, ಆಗ ರಕ್ತ 8.4 ಇತ್ತು. ನನಗೆ ಡಾಕ್ಟರು ಮಗುವಿನ ದೋಷ ನೋಡುವ ಟೆಸ್ಟ್ ಬರೆದುಕೊಟ್ಟಿದ್ದಾರೆ. ‘ಏನಾದರೂ ಬಂದರೆ ಏನು ಮಾಡೋದು, ಬೇಡ’ ಎನ್ನುತ್ತಾರೆ ನಮ್ಮ ಯಜಮಾನರು. ನಾನು ಟೆಸ್ಟ್ ಮಾಡಿಸಲೇ? ಅವಳ ಪರವಾಗಿ ಮಾತಾಡಿದರೆ ಮನೆಯಲ್ಲಿ ತಪ್ಪು ತಿಳಿಯುತ್ತಾರೆಯೇ?*

ಮೊದಲು ನಿಮ್ಮ ವಾರಗಿತ್ತಿಯ ವಿಷಯವನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ವಾರ ನಿಮ್ಮಿಬ್ಬರಲ್ಲಿ ಹೆಚ್ಚು ಅಪಾಯದಲ್ಲಿರುವವಳು ಅವಳೇ. ನಿಮ್ಮ ವಯಸ್ಸಿನ ಅಪಾಯಗಳನ್ನು ಎಲ್ಲರೂ ನಿರೀಕ್ಷಿಸುತ್ತಾರೆ, ಹಾಗಾಗಿ ಅವುಗಳನ್ನು ಹುಡುಕುತ್ತಾರೆ. ಅವಳ ವಯಸ್ಸಿನ ಅಪಾಯಗಳನ್ನು ಯಾರೂ ನಿರೀಕ್ಷಿಸುವುದಿಲ್ಲ, ಹಾಗಾಗಿ ಅವು ಹೆರಿಗೆಯ ಕೋಣೆಯಲ್ಲಿ ಮೊದಲ ಸಲ ಕಣ್ಣಿಗೆ ಬೀಳುತ್ತವೆ. ಎಳೆಯ ಮೈ ಎಲ್ಲವನ್ನೂ ತಾಳುತ್ತದೆ ಎಂಬ ನಿಮ್ಮ ಅತ್ತೆಯವರ ನಂಬಿಕೆ ವೈದ್ಯಕೀಯವಾಗಿ ನಿಲ್ಲುವುದಿಲ್ಲ. ಇಪ್ಪತ್ತರ ಒಳಗಿನ ತಾಯಂದಿರಲ್ಲಿ ರಕ್ತಹೀನತೆ, ಬಿ.ಪಿ. ಏರಿ ಫಿಟ್ಸ್ ಬರುವುದು, ಹೆರಿಗೆಯ ನಂತರದ ಸೋಂಕು, ದಿನ ತುಂಬುವ ಮೊದಲೇ ಹೆರಿಗೆ ಮತ್ತು ಕಡಿಮೆ ತೂಕದ ಮಗು, ಇವೆಲ್ಲವೂ ಇಪ್ಪತ್ತು ದಾಟಿದವರಿಗಿಂತ ಹೆಚ್ಚು. ಸೊಂಟದ ಮೂಳೆ ಪೂರ್ತಿ ಬೆಳೆಯದೆ ಮಗು ಸಿಕ್ಕಿಹಾಕಿಕೊಳ್ಳುವ ಭಯ ಮುಖ್ಯವಾಗಿ ಹದಿನಾರರ ಒಳಗಿನವರದ್ದು. ಆದರೂ ಅವಳ ಎತ್ತರವನ್ನು ಒಮ್ಮೆ ಅಳೆಸಿ, 145 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸಿಸೇರಿಯನ್ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಬೇಕು. ಹದಿನೆಂಟರ ಹುಡುಗಿಯಲ್ಲಿ ನಾನು ಹೆಚ್ಚು ಗಮನ ಕೊಡುವುದು ರಕ್ತ, ಬಿ.ಪಿ. ಮತ್ತು ತೂಕಕ್ಕೆ.

ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ. 8.4 ಎಂಬುದು ನಡುವಿನ ಅಂಕಿ. ಹುಡುಗಿ ಓಡಾಡಿಕೊಂಡು, ನೀರು ಹೊತ್ತುಕೊಂಡು ಇರುತ್ತಾಳೆ, ಆದ್ದರಿಂದ ಅದು ಮನೆಯವರಿಗೆ ಕಾಯಿಲೆಯಂತೆ ಕಾಣುವುದೇ ಇಲ್ಲ. ಆದರೆ ಹೆರಿಗೆಯಲ್ಲಿ ಸಹಜವಾಗಿ ಹೋಗುವ ಅರ್ಧ ಲೀಟರಿನಷ್ಟು ರಕ್ತವನ್ನು 12 ಇರುವವಳು ತಡೆದುಕೊಳ್ಳುವಂತೆ 8 ಇರುವವಳು ತಡೆದುಕೊಳ್ಳಲಾರಳು, ಸ್ವಲ್ಪ ಹೆಚ್ಚು ಸ್ರಾವವಾದರಂತೂ ಜೀವಕ್ಕೇ ಕುತ್ತು. ಎಲ್ಲ ಬಸುರಿಯರಿಗೂ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣವಿರುತ್ತದೆ, ದಿನಕ್ಕೆ ಒಂದು. ಅವಳ ಮಟ್ಟದಲ್ಲಿ ಅದು ಸಾಲದು, ದಿನಕ್ಕೆ ಎರಡು ಬೇಕು. ಜೊತೆಗೆ ನಾಲ್ಕನೇ ತಿಂಗಳ ನಂತರ ಒಮ್ಮೆ ಕೊಡುವ 400 ಮಿ.ಗ್ರಾಂ. ಆಲ್ಬೆಂಡಜೋಲ್ ಜಂತುಹುಳು ಮಾತ್ರೆ ಆಗಿದೆಯೇ ಎಂದು ಕೇಳಿ.

ಮಾತ್ರೆ ಕೊಟ್ಟರು, ನುಂಗಿದಳು ಎಂಬಲ್ಲಿಗೆ ವಿಷಯ ಮುಗಿಯುವುದಿಲ್ಲ. ಒಂದು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಆಗಬೇಕು, ಆಗ ಕನಿಷ್ಠ 1 ಗ್ರಾಂ ಏರಿರಬೇಕು. ಅಂದರೆ ಅವಳ 24ನೇ ವಾರದ ಹೊತ್ತಿಗೆ ಚೀಟಿಯಲ್ಲಿ 9.4 ಅಥವಾ ಹೆಚ್ಚು ಕಾಣಬೇಕು. 8.7 ಎಂದು ಬಂದರೆ ‘ಪರವಾಗಿಲ್ಲ, ಏರಿದೆ’ ಎಂದು ಸಮಾಧಾನಪಡಬೇಡಿ. ಒಂದೋ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ, ಇಲ್ಲವೇ ಹೋದದ್ದು ರಕ್ತಕ್ಕೆ ಸೇರುತ್ತಿಲ್ಲ, ಅದೂ ಅಲ್ಲವಾದರೆ ಥಲಸ್ಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯಂಥ ಬೇರೆ ಕಾರಣವಿದೆ. ಕಪ್ಪು ಮಲ, ವಾಕರಿಕೆ, ಮಲಬದ್ಧತೆಗೆ ಹೆದರಿ ಮಾತ್ರೆಯನ್ನು ಸದ್ದಿಲ್ಲದೆ ಎಸೆಯುವ ಹುಡುಗಿಯರು ಬಹಳ. ಹೊಸ ಸೊಸೆಯೊಬ್ಬಳು ಇದನ್ನು ಅತ್ತೆಯ ಮುಂದೆ ಹೇಳುವುದಿಲ್ಲ, ನಿಮ್ಮ ಮುಂದೆ ಹೇಳಿಯಾಳು. ರಾತ್ರಿ ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಟೀ, ಕಾಫಿಯ ಜೊತೆ ಬೇಡ, ಲಿಂಬೆಹಣ್ಣಿನ ಪಾನಕವಾದರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಕಬ್ಬಿಣವನ್ನು ಹೀರದಂತೆ ತಡೆಯುವುದರಿಂದ ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ. ಇಷ್ಟಾದರೂ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣದ ಇಂಜೆಕ್ಷನ್ ಕೊಡಬಹುದು. ಆದರೆ ಅದಕ್ಕೂ ಕೆಲಸ ಮಾಡಲು ವಾರಗಳು ಬೇಕು, ಒಂಬತ್ತನೇ ತಿಂಗಳಲ್ಲಿ ನೆನಪಾದರೆ ರಕ್ತದ ಬಾಟಲಿ ಹುಡುಕುವುದೊಂದೇ ದಾರಿ ಉಳಿಯುತ್ತದೆ.

ಅವಳ ತೂಕ ಈಗಿನಿಂದ ತಿಂಗಳಿಗೆ ಸುಮಾರು 2 ಕೆ.ಜಿ. ಏರಬೇಕು. ಏರದಿದ್ದರೆ ಅದು ಮಗು ಸಣ್ಣದಾಗುತ್ತಿದೆ ಎಂಬುದರ ಮೊದಲ ಸೂಚನೆ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ, ಮೊಟ್ಟೆ, ಹಾಲು ಅವಳ ಹಕ್ಕು. ಇನ್ನು ಬಿ.ಪಿ.: ಪ್ರತಿ ಭೇಟಿಯಲ್ಲೂ ನೋಡಿ ತಾಯಿ ಕಾರ್ಡಿನಲ್ಲಿ ಬರೆಸಿ, 140/90 ಮುಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖದ ಬಾವು, ಎದೆಗುಂಡಿಗೆಯ ಕೆಳಗೆ ನೋವು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ.

ಕಾರ್ಡಿನಲ್ಲಿ ಅವಳ ನಿಜವಾದ ಹುಟ್ಟಿದ ದಿನಾಂಕವೇ ಇರಲಿ. ಕೆಲವು ಕುಟುಂಬಗಳು ಕಾನೂನಿಗೆ ಹೆದರಿ ವಯಸ್ಸನ್ನು ಹಿಗ್ಗಿಸುತ್ತವೆ, ಆಗ ವೈದ್ಯರು ನೋಡಬೇಕಾದದ್ದನ್ನು ನೋಡುವುದಿಲ್ಲ. (ಹದಿನೆಂಟರ ಒಳಗಿನ ಹುಡುಗಿ ಬಸುರಿಯಾಗಿದ್ದರೆ ವೈದ್ಯರು ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ, ನಿಜ, ಆದರೆ ಆ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ.)

ಈಗ ನಿಮ್ಮ ಪರೀಕ್ಷೆಯ ಪ್ರಶ್ನೆ. ಹೆಣ್ಣಿನ ಅಂಡಾಣುಗಳು ಅವಳು ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ, ಅವಳೊಂದಿಗೇ ಅವಕ್ಕೂ ವಯಸ್ಸಾಗುತ್ತದೆ, ವರ್ಣತಂತುಗಳು ಸರಿಯಾಗಿ ಬೇರ್ಪಡದಿರುವ ಸಾಧ್ಯತೆಯೂ ಹಾಗೆಯೇ ಹೆಚ್ಚುತ್ತದೆ. ಹಾಗೆ ಒಂದು ವರ್ಣತಂತು ಹೆಚ್ಚಾಗಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ಇಪ್ಪತ್ತರ ತಾಯಿಗೆ ಸುಮಾರು 1,500ರಲ್ಲಿ ಒಂದು, 35ಕ್ಕೆ 350ರಲ್ಲಿ ಒಂದು, ನಿಮ್ಮ ವಯಸ್ಸಿಗೆ ಸುಮಾರು 180ರಲ್ಲಿ ಒಂದು. ಅಂದರೆ ನಿಮ್ಮಂಥ 180 ಮಂದಿಯಲ್ಲಿ 179 ಮಂದಿಗೆ ಈ ದೋಷವಿಲ್ಲದ ಮಗುವೇ ಹುಟ್ಟುತ್ತದೆ.

ನಿಮಗೆ ಬರೆದಿರುವುದು ಬಹುಶಃ ಮಗುವಿನ ಕತ್ತಿನ ಹಿಂಭಾಗದ ನೀರಿನ ದಪ್ಪ ಅಳೆಯುವ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತ ಪರೀಕ್ಷೆ. ಇದಕ್ಕೆ 11 ವಾರದಿಂದ 13 ವಾರ 6 ದಿನದವರೆಗೆ ಮಾತ್ರ ಅವಕಾಶ, ಹಾಗಾಗಿ ನಿಮ್ಮ ಕೈಯಲ್ಲಿರುವುದು ಮೂರು ವಾರಕ್ಕಿಂತ ಕಡಿಮೆ. ವರದಿಯಲ್ಲಿ ‘ದೋಷವಿದೆ’, ‘ಇಲ್ಲ’ ಎಂದು ಬರೆದಿರುವುದಿಲ್ಲ, ಒಂದು ಅನುಪಾತವಿರುತ್ತದೆ. 1:1200 ಎಂದು ಬಂದರೆ ನಿಮ್ಮ ವಯಸ್ಸು ತಂದ ಅಪಾಯ ಬಹಳಷ್ಟು ತಗ್ಗಿತು ಎಂದು ಅರ್ಥ. 1:60 ಎಂದು ಬಂದರೆ ಅದನ್ನು ಹೆಚ್ಚು ಅಪಾಯ ಎಂದು ಗುರುತಿಸುತ್ತಾರೆ, ಮನೆಯವರೆಲ್ಲ ಅಳಲು ಶುರುಮಾಡುವುದೂ ಆಗಲೇ. ಆದರೆ ಅಲ್ಲಿಯೂ 60ರಲ್ಲಿ 59 ಮಕ್ಕಳಿಗೆ ಆ ದೋಷವಿರುವುದಿಲ್ಲ. ಆ ಹಂತದಲ್ಲಿ ಎನ್‌ಐಪಿಟಿ ಎಂಬ, ದುಬಾರಿಯಾದರೂ ಹೆಚ್ಚು ನಿಖರವಾದ ರಕ್ತ ಪರೀಕ್ಷೆ ಮಾಡಿಸಬಹುದು. ಖಚಿತ ಉತ್ತರ ಕೊಡುವುದು ಗರ್ಭದ ನೀರನ್ನು ಸೂಜಿಯಿಂದ ತೆಗೆದು ಮಾಡುವ ಪರೀಕ್ಷೆ. ಅದನ್ನು ಸಾಮಾನ್ಯವಾಗಿ 16ನೇ ವಾರದ ಹೊತ್ತಿಗೆ ಮಾಡುತ್ತಾರೆ, ಅದರಿಂದ ಗರ್ಭಪಾತವಾಗುವ ಸಾಧ್ಯತೆ ನೂರರಲ್ಲಿ ಒಂದಕ್ಕಿಂತ ಕಡಿಮೆ.

ನಿಮ್ಮ ಯಜಮಾನರ ಪ್ರಶ್ನೆ ಅಸಡ್ಡೆಯದ್ದಲ್ಲ, ಪರೀಕ್ಷೆಗೆ ಮೊದಲೇ ಕೇಳಬೇಕಾದ ಪ್ರಶ್ನೆಯೇ. ‘ಏನೇ ಬಂದರೂ ಮಗುವನ್ನು ಉಳಿಸಿಕೊಳ್ಳುತ್ತೇವೆ’ ಎಂದು ನೀವಿಬ್ಬರೂ ನಿರ್ಧರಿಸಿದ್ದರೆ ಸೂಜಿಯ ಪರೀಕ್ಷೆಯನ್ನು ಬಿಡಬಹುದು. ಆಗಲೂ ಎನ್‌ಟಿ ಸ್ಕ್ಯಾನ್ ಮತ್ತು 18ರಿಂದ 20 ವಾರದ ನಡುವೆ ಮಗುವಿನ ಅಂಗಾಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನ್ ಮಾಡಿಸಿ, ಏಕೆಂದರೆ ಹೃದಯದ ತೊಂದರೆ ಮೊದಲೇ ಗೊತ್ತಾದರೆ ಹೆರಿಗೆ ಎಲ್ಲಿ ಆಗಬೇಕೆಂಬುದು ಬದಲಾಗುತ್ತದೆ. ಗರ್ಭ ಮುಂದುವರಿಸದಿರುವ ಯೋಚನೆಯೂ ಇದ್ದರೆ ತಡಮಾಡುವುದು ನಿಮಗೇ ನಷ್ಟ: ಮಗುವಿನಲ್ಲಿ ಗಂಭೀರ ದೋಷವಿದ್ದಾಗ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು, ಆಮೇಲೆ ಮೆಡಿಕಲ್ ಬೋರ್ಡಿನ ಮುಂದೆ ಹೋಗಬೇಕು. ನಿರ್ಧಾರ ನಿಮ್ಮಿಬ್ಬರದು. ನನ್ನನ್ನು ಕೇಳಿದರೆ, ಮೊದಲ ಹಂತದ ಪರೀಕ್ಷೆ ಮಾಡಿಸಿ ಎನ್ನುತ್ತೇನೆ.

ಈ ಪರೀಕ್ಷೆಯ ಗದ್ದಲದಲ್ಲಿ ನಿಮ್ಮದೇ ದೇಹದ ವಿಷಯ ಮರೆಯಬಾರದು. 35 ದಾಟಿದ ವಯಸ್ಸು, ಹಿಂದಿನ ಹೆರಿಗೆಯಿಂದ ಹತ್ತು ವರ್ಷಕ್ಕೂ ಹೆಚ್ಚಿನ ಅಂತರ, ಇವೆರಡೂ ಸೇರಿದಾಗ ಬಿ.ಪಿ. ಏರುವ ಅಪಾಯ ಹೆಚ್ಚು. ಇಂಥವರಿಗೆ 12ನೇ ವಾರದಿಂದ, ತಡವೆಂದರೂ 16ನೇ ವಾರದೊಳಗೆ, ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುವುದು ರೂಢಿ. ಇದನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ‘ನನಗೆ ಆಸ್ಪಿರಿನ್ ಬೇಕೇ?’ ಎಂದು ಮುಂದಿನ ಭೇಟಿಯಲ್ಲೇ ಕೇಳಿ. ಸಕ್ಕರೆ ಪರೀಕ್ಷೆ, ಅಂದರೆ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ ರಕ್ತ ಕೊಡುವುದು, ಈಗೊಮ್ಮೆ ಮತ್ತು 24ರಿಂದ 28 ವಾರದ ನಡುವೆ ಇನ್ನೊಮ್ಮೆ ಆಗಬೇಕು. 140 ಅಥವಾ ಹೆಚ್ಚು ಬಂದರೆ ಅದು ಬಸಿರಿನ ಸಕ್ಕರೆ ಕಾಯಿಲೆ. ನಿಮ್ಮ ವಾರಗಿತ್ತಿಗೂ ಈ ಪರೀಕ್ಷೆ ಬೇಕು, ಆದರೆ ಬರುವ ಸಾಧ್ಯತೆ ನಿಮ್ಮಲ್ಲಿ ಹೆಚ್ಚು. ಕೊನೆಯ ತಿಂಗಳುಗಳಲ್ಲಿ ಮಗುವಿನ ಬೆಳವಣಿಗೆಯ ಸ್ಕ್ಯಾನ್ ನಿಮಗೆ ಹೆಚ್ಚು ಸಲ ಆಗುತ್ತದೆ, ಮತ್ತು ದಿನ ತುಂಬಿದ ಮೇಲೂ ನೋವಿಗಾಗಿ ಕಾಯುತ್ತ ಕೂರಿಸುವುದಿಲ್ಲ, ಏಕೆಂದರೆ ವಯಸ್ಸು ಏರಿದಂತೆ ಆ ದಿನಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಸ್ವಲ್ಪ ಏರುತ್ತದೆ. ಮೊದಲನೆಯದು ನಾರ್ಮಲ್ ಆಗಿರುವುದರಿಂದ ವಯಸ್ಸೊಂದನ್ನೇ ಮುಂದಿಟ್ಟು ಸಿಸೇರಿಯನ್ ಎಂದರೆ ಬೇರೆ ಕಾರಣವೇನೆಂದು ಕೇಳಿ.

ಅತ್ತೆಯವರೊಂದಿಗೆ ವಾದಕ್ಕೆ ಇಳಿಯುವ ಅಗತ್ಯ ನನಗೆ ಕಾಣುವುದಿಲ್ಲ. ಅವರು ಕಾರು ಮಾಡಿಕೊಡುವುದು ಕಾಳಜಿಯಿಂದಲೇ, ಆ ಕಾರಿನಲ್ಲಿ ಇನ್ನೊಬ್ಬಳಿಗೆ ಜಾಗವಿದೆ. ‘ನನಗೆ ಜೊತೆಗೆ ಬೇಕು’ ಎಂದು ವಾರಗಿತ್ತಿಯನ್ನು ಕರೆದೊಯ್ಯಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ವೈದ್ಯರೇ ಬಸುರಿಯರನ್ನು ಉಚಿತವಾಗಿ ನೋಡುತ್ತಾರೆ, ಆದ್ದರಿಂದ ಖರ್ಚಿನ ಮಾತೂ ಬರುವುದಿಲ್ಲ. ಅಪಾಯವಿರುವವರ ಕಾರ್ಡಿಗೆ ಅಲ್ಲಿ ಕೆಂಪು ಚೀಟಿ ಅಂಟಿಸುತ್ತಾರೆ. 8.4 ರಕ್ತಕ್ಕೆ, ಹದಿನೆಂಟು ವಯಸ್ಸಿಗೆ ಅವಳ ಕಾರ್ಡಿಗೂ ಅದು ಬೀಳಬಹುದು, ಮತ್ತು ನೀವು ಹೇಳಲಾಗದ್ದನ್ನು ಅತ್ತೆಯವರಿಗೆ ಆಶಾ ಕಾರ್ಯಕರ್ತೆ ಆ ಚೀಟಿ ತೋರಿಸಿಯೇ ಹೇಳಬಲ್ಲಳು. ಒಳಗೆ ಹೋದಾಗ ಅವಳು ವೈದ್ಯರೊಂದಿಗೆ ಐದು ನಿಮಿಷ ಒಬ್ಬಳೇ ಮಾತಾಡಲು ಬಿಟ್ಟು ನೀವು ಹೊರಗೆ ನಿಲ್ಲಿ. ಮಾತ್ರೆಯ ವಿಷಯ, ಊಟದ ವಿಷಯ, ಮುಂದಿನ ಮಗುವಿಗೆ ಅಂತರ ಬೇಕೆಂಬ ವಿಷಯ, ಯಾವುದನ್ನು ಕೇಳುವುದಿದ್ದರೂ ಅವಳೇ ಕೇಳಲಿ.