ಎಣ್ಣೆ ಹಚ್ಚಿದ ತಲೆಗೆ ಸೀಗೆಯೋ, ಶಾಂಪೂವೋ?

ಪ್ರಶ್ನೆ: ಮದುವೆಯಾಗಿ ತೀರ್ಥಹಳ್ಳಿ ಕಡೆಗೆ ಬಂದಿದ್ದೇನೆ. ಇಲ್ಲಿ ಅತ್ತೆಯವರು ತಲೆಗೆ ಸೀಗೆಕಾಯಿ, ಅಂಟುವಾಳ ಹಾಕು ಅನ್ನುತ್ತಾರೆ, ನನಗೆ ಶಾಂಪೂ ಅಭ್ಯಾಸ. ಸೀಗೆಯಿಂದ ಎಣ್ಣೆ ನಿಜವಾಗಿ ಹೋಗುತ್ತದೆಯೇ? ಯಾರು ಎಚ್ಚರ ವಹಿಸಬೇಕು?

ಉತ್ತರ: ಹೋಗುತ್ತದೆ, ಆದರೆ ಎಣ್ಣೆ ಎಷ್ಟು ಹಚ್ಚಿದ್ದೀರಿ ಮತ್ತು ಸೀಗೆಯನ್ನು ಪುಡಿಯಾಗಿ ಮೆತ್ತುತ್ತೀರೋ, ಕುದಿಸಿ ಸೋಸಿ ಹಾಕುತ್ತೀರೋ ಎಂಬುದರ ಮೇಲೆ ಅದು ನಿಂತಿದೆ. ಸೀಗೆಕಾಯಿಯಲ್ಲೂ ಅಂಟುವಾಳದ ಸಿಪ್ಪೆಯಲ್ಲೂ ಸಪೋನಿನ್ ಎಂಬ ನೊರೆಯ ಅಂಶವಿದ್ದು, ಶಾಂಪೂವಿನಲ್ಲಿ ಸಲ್ಫೇಟ್ ಮಾಡುವ ಕೆಲಸವನ್ನೇ, ಅಂದರೆ ಜಿಡ್ಡನ್ನು ನೀರಿನೊಂದಿಗೆ ಬೆರೆಸಿ ಕಳಿಸುವ ಕೆಲಸವನ್ನು, ಅದು ಸ್ವಲ್ಪ ನಿಧಾನವಾಗಿ ಮಾಡುತ್ತದೆ. ಇವೆರಡರಲ್ಲಿ ಅಂಟುವಾಳ ಚುರುಕು, ಸೀಗೆ ಮೃದು. ಆದ್ದರಿಂದಲೇ ನಮ್ಮ ಮನೆಯಲ್ಲಿ ಬರೀ ಅಂಟುವಾಳವನ್ನು ಯಾರೂ ತಲೆಗೆ ಹಾಕುವುದಿಲ್ಲ. ಕೂದಲು ತೆಂಗಿನ ನಾರಿನಂತಾಗುತ್ತದೆ.

ಸೊಂಟದವರೆಗಿನ ಕೂದಲಿಗೆ ನಾವು ಎಂಟು ಹತ್ತು ಸೀಗೆಕಾಯಿ ಮತ್ತು ಬೀಜ ತೆಗೆದ ಮೂರು ಅಂಟುವಾಳವನ್ನು ಹಿಂದಿನ ರಾತ್ರಿ ಮುಕ್ಕಾಲು ಲೀಟರ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಕೈಯಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸುತ್ತೇವೆ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಷಾಯ ಕಪ್ಪಾಗುವುದರಿಂದ ಸ್ಟೀಲಿನ ಪಾತ್ರೆಯೇ ಸರಿ. ಇದರಲ್ಲಿ ಅರ್ಧವನ್ನು ಬುಡಕ್ಕೆ ಹಾಕಿ ತಿಕ್ಕಿ ತೊಳೆದು, ಉಳಿದರ್ಧವನ್ನು ಎರಡನೆಯ ಸಲ ಹಾಕಿ ಮೂರು ನಿಮಿಷ ಬಿಡಬೇಕು. ಮೊದಲ ಸಲ ನೊರೆಯೇ ಬರುವುದಿಲ್ಲ. ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಎರಡನೆಯ ಸಲ ಸ್ವಲ್ಪ ನೊರೆ ಕಂಡರೆ ಎಣ್ಣೆ ಬಿಟ್ಟಿದೆ ಎಂದು ತಿಳಿಯಿರಿ. ಒದ್ದೆ ಎಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದಾಗ ಅದು ಜಾರದೆ ತಡೆಯಬೇಕು. ಹೆಚ್ಚಾಗಿ ಜಿಡ್ಡು ಉಳಿಯುವುದು ಹೆಡತಲೆಯಲ್ಲಿ, ಏಕೆಂದರೆ ನಾವೆಲ್ಲ ನೆತ್ತಿಯನ್ನೇ ತಿಕ್ಕುತ್ತೇವೆ.

ತೆಂಗಿನೆಣ್ಣೆ ಎರಡು ಚಮಚದಷ್ಟಿದ್ದರೆ ಈ ಲೆಕ್ಕ ಸಾಕು. ದೀಪಾವಳಿಯಲ್ಲಿ ಸುರಿದುಕೊಂಡಂತೆ ಹರಳೆಣ್ಣೆ ಸುರಿದುಕೊಂಡಿದ್ದರೆ ಸಾಲದು. ಮೊದಲು ಒಂದು ಹಿಡಿ ಕಡಲೆಹಿಟ್ಟು ತಿಕ್ಕಿ ಜಿಡ್ಡನ್ನು ಹೀರಿಸಿಕೊಳ್ಳಿ, ಇಲ್ಲವೇ ಆ ದಿನ ಶಾಂಪೂ ಹಾಕಿ. ಅದರಲ್ಲಿ ತಪ್ಪೇನಿಲ್ಲ. ಸಿಲಿಕೋನ್ ಇರುವ ಸೀರಮ್, ಹೇರ್ ಸ್ಪ್ರೇ ಬಳಸುವವರಿಗೂ ಶಾಂಪೂವೇ ಸುಲಭ. ಇನ್ನು ತಲೆಹೊಟ್ಟಿಗೆ ಸೀಗೆ ಮದ್ದು ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಉದುರುವ ಹೊಟ್ಟನ್ನು ಅದು ತೊಳೆಯಬಹುದು, ಆದರೆ ತುರಿಕೆಯೊಂದಿಗೆ ಮತ್ತೆ ಮತ್ತೆ ಬರುವ ಹೊಟ್ಟಿಗೆ ಕೀಟೋಕೊನಜೋಲ್‌ನಂಥ ಔಷಧಿಯ ಶಾಂಪೂ ಬೇಕಾಗುತ್ತದೆ, ಅದನ್ನು ಚರ್ಮದ ವೈದ್ಯರನ್ನು ಕೇಳಿ ಬಳಸಬೇಕು. ಪುಡಿಯನ್ನು ಸೋಸದೆ ಹಾಕಿದವರಿಗೆ ಕೂದಲಲ್ಲಿ ಉಳಿದ ತರಿಯೇ ಹೊಟ್ಟಿನಂತೆ ಕಾಣುವುದೂ ಉಂಟು.

ನಿಜವಾದ ಅಪಾಯವಿರುವುದು ಕಣ್ಣಿಗೆ. ನನ್ನ ತಮ್ಮನ ಮಗನಿಗೆ ಆರು ವರ್ಷವಿದ್ದಾಗ, ಹಬ್ಬದ ಗಡಿಬಿಡಿಯಲ್ಲಿ ಬಚ್ಚಲಲ್ಲಿ ನಾನೇ ಅವನ ತಲೆಗೆ ಅಂಟುವಾಳ ಹೆಚ್ಚಾಗಿದ್ದ ಕಷಾಯ ಸುರಿದೆ, ಅದು ಕಣ್ಣಿಗೆ ಇಳಿಯಿತು. ಒಂದು ಚೊಂಬು ನೀರು ಹಾಕಿ ಒರೆಸಿ, ಉರಿ ತಾನಾಗಿ ಇಳಿಯುತ್ತದೆ ಎಂದು ಸುಮ್ಮನಾದೆವು. ಸಂಜೆ ಅವನಿಗೆ ಬೆಳಕು ನೋಡಲಾಗಲಿಲ್ಲ. ಶಿವಮೊಗ್ಗದ ಕಣ್ಣಿನ ಡಾಕ್ಟರು ಪಾಪೆಯ ಮೇಲ್ಪದರ ಸುಲಿದಿದೆ ಎಂದು ಹೇಳಿ ಔಷಧಿ ಕೊಟ್ಟರು, ನಾಲ್ಕು ದಿನದಲ್ಲಿ ಗುಣವಾಯಿತು. ಜಿಡ್ಡನ್ನು ಕರಗಿಸುವ ಸಪೋನಿನ್ ಕಣ್ಣಿನ ಮೇಲ್ಪದರದ ಜೀವಕೋಶಗಳನ್ನೂ ಬಿಡುವುದಿಲ್ಲ. ಕಣ್ಣಿಗೆ ಬಿದ್ದ ಕೂಡಲೇ ರೆಪ್ಪೆ ಬಿಡಿಸಿ ಶುದ್ಧ ನೀರನ್ನು ಕಾಲು ಗಂಟೆ ಸುರಿಯುತ್ತಲೇ ಇರಬೇಕು. ಆಮೇಲೂ ಉರಿ, ಕೆಂಪು, ಮಸುಕು ಉಳಿದರೆ ಅಂದೇ ತೋರಿಸಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದೇ ಸ್ನಾನಕ್ಕೆ ಹೋಗಲಿ. ಚಿಕ್ಕ ಮಕ್ಕಳಿಗೆ ಇದು ಬೇಡ ಎಂಬುದು ಈಗ ನನ್ನ ನಿಲುವು.

ಉಬ್ಬಸವಿರುವವರು ಸೀಗೆಕಾಯಿ ಕುಟ್ಟುವ, ಜರಡಿ ಹಿಡಿಯುವ ಕೆಲಸಕ್ಕೆ ಕೂರಬಾರದು. ಆ ಧೂಳಿಗೆ ಆರೋಗ್ಯವಂತರೂ ಸೀನುತ್ತಾರೆ. ನೆತ್ತಿಯಲ್ಲಿ ಗಾಯ, ಕಜ್ಜಿ, ಸೋರಿಯಾಸಿಸ್ ಇದ್ದವರಿಗೆ ಉರಿಯುತ್ತದೆ. ಬಣ್ಣ ಹಚ್ಚಿದ ಕೂದಲಿನ ಬಣ್ಣ ಬೇಗ ಮಾಸಬಹುದು.

ಅಂಗಡಿಯ ಪೊಟ್ಟಣ ತರುವುದಾದರೆ ಹಿಂದೆ ಬರೆದಿರುವ ಪಟ್ಟಿ ಓದಿ, ‘ಗಿಡಮೂಲಿಕೆ’ ಎಂಬ ಹೆಸರನ್ನಷ್ಟೇ ನಂಬಬೇಡಿ. ನಮ್ಮ ಮಳೆಗಾಲದಲ್ಲಿ ಡಬ್ಬಿಯ ಪುಡಿಗೂ ಬೂಷ್ಟು ಹಿಡಿಯುತ್ತದೆ. ಗಂಟು ಕಟ್ಟಿ ಮುಗ್ಗಲು ವಾಸನೆ ಬಂದರೆ ಬಿಸಿಲಿಗಿಟ್ಟು ಉಳಿಸಲು ನೋಡದೆ ಎಸೆಯಿರಿ. ಕುದಿಸಿದ ಕಷಾಯವೂ ಅಂದಂದಿಗೇ ಮುಗಿಯಬೇಕು. ಮಿಕ್ಕಿದ್ದರಲ್ಲಿ ನಾವು ಬೆಳ್ಳಿಯ ದೀಪ ತೊಳೆಯುತ್ತೇವೆ, ಹಳ್ಳಕ್ಕೆ ಮಾತ್ರ ಚೆಲ್ಲುವುದಿಲ್ಲ, ಸಪೋನಿನ್ ಮೀನಿಗೆ ವಿಷ.