ಕಚೇರಿಯ ಸಿಟ್ಟು ಮನೆಯವರ ಮೇಲೆ ಹರಿಯದಂತೆ ತಡೆಯುವುದು

ಪ್ರಶ್ನೆ: ಆಫೀಸಿನ ಸಿಟ್ಟನ್ನೆಲ್ಲ ಮನೆಗೆ ತಂದು ಹೆಂಡತಿ, ಮಕ್ಕಳ ಮೇಲೆ ರೇಗುತ್ತೇನೆ. ಎರಡನ್ನೂ ಬೇರೆ ಬೇರೆ ಇಡುವುದು ಹೇಗೆ?

ಉತ್ತರ: ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬ ಗಾದೆ ಹೇಳುವುದು ಇದನ್ನೇ. ಮೇಲಧಿಕಾರಿಯ ಎದುರು ನುಂಗಿಕೊಂಡ ಮಾತು, ಆಡಿದರೂ ಕೆಲಸ ಹೋಗದ ಜಾಗದಲ್ಲಿ ಹೊರಬೀಳುತ್ತದೆ. ನನ್ನ ಮಗಳು ಹಾಲಿನ ಲೋಟ ಉರುಳಿಸಿದ ಒಂದು ಸಂಜೆ, ‘ಒಂದು ಕೆಲಸ ನೆಟ್ಟಗೆ ಮಾಡಲು ಬರುವುದಿಲ್ಲವೇ?’ ಎಂದು ಮಧ್ಯಾಹ್ನ ನಾನು ಕೇಳಿಸಿಕೊಂಡಿದ್ದನ್ನೇ, ಅದೇ ಧಾಟಿಯಲ್ಲಿ ಅವಳಿಗೆ ಹೇಳಿದ್ದೆ.

ಸಿಟ್ಟನ್ನು ಹೊರಹಾಕಿದರೆ ಇಳಿಯುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಣಕಿದವರನ್ನು ನೆನೆಯುತ್ತ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತವರಿಗಿಂತ ಹೆಚ್ಚಾಗಿತ್ತು. ದಾರಿಯುದ್ದಕ್ಕೂ ಅದೇ ಜಗಳವನ್ನು ಮನಸ್ಸಿನಲ್ಲಿ ಮೆಲುಕು ಹಾಕುವುದೂ ಹೀಗೆಯೇ ಕೆಲಸ ಮಾಡುತ್ತದೆ.

ಆದ್ದರಿಂದ ಹೊರಡುವ ಮುನ್ನ ಐದು ನಿಮಿಷ ಕುಳಿತು, ಏನಾಯಿತು ಎಂಬುದನ್ನು ಒಂದು ಸಾಲಿನಲ್ಲಿಯೂ, ಅದರ ಬಗ್ಗೆ ನಾಳೆ ಮೊಟ್ಟಮೊದಲು ಮಾಡುವ ಕೆಲಸವನ್ನು ಇನ್ನೊಂದು ಸಾಲಿನಲ್ಲಿಯೂ ಬರೆದು, ಆ ಚೀಟಿಯನ್ನು ಮೇಜಿನ ಡ್ರಾಯರ್‌ನಲ್ಲೇ ಬಿಟ್ಟುಬನ್ನಿ. ಮುಂದಿನ ಹೆಜ್ಜೆ ಗೊತ್ತಾದ ಕೆಲಸ ಮನಸ್ಸನ್ನು ಅಷ್ಟಾಗಿ ಕಾಡುವುದಿಲ್ಲ. ನಾನು ಒಂದು ಸ್ಟಾಪ್ ಮೊದಲೇ ಬಸ್ ಇಳಿದು ನಡೆಯುತ್ತೇನೆ. ದವಡೆ ಇನ್ನೂ ಬಿಗಿದಿದ್ದರೆ, ‘ಇವತ್ತು ಆಫೀಸಿನಲ್ಲಿ ಕಿರಿಕಿರಿಯಾಗಿದೆ, ಹತ್ತು ನಿಮಿಷ ಕೊಡು’ ಎಂದು ಬಾಗಿಲಲ್ಲೇ ಹೆಂಡತಿಗೆ ಹೇಳುತ್ತೇನೆ. ಈ ಅಭ್ಯಾಸ ಕೆಡುವುದು ಹೆಚ್ಚಾಗಿ ರಾತ್ರಿ ಬರುವ ಕಚೇರಿಯ ವಾಟ್ಸಾಪ್ ಸಂದೇಶಗಳಿಂದ. ಊಟ ಮುಗಿಯುವವರೆಗಾದರೂ ಆ ಗುಂಪನ್ನು ಮ್ಯೂಟ್ ಮಾಡಿಡಿ.

ನೀವು ಬಂದೊಡನೆ ಮಕ್ಕಳು ಮಾತು ನಿಲ್ಲಿಸುತ್ತಿದ್ದರೆ, ಅಥವಾ ನಿಮ್ಮ ಕೈ ಮೇಲೇಳುತ್ತಿದ್ದರೆ, ಚೀಟಿಯೊಂದೇ ಸಾಲದು. ಆಪ್ತಸಮಾಲೋಚಕರನ್ನು ಕಾಣಿರಿ, ಇಲ್ಲವೇ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿರಿ.